ಬೋರ್ಡಣ್ಣನ ಫೋಲ್ಡರ್

ತಪ್ಪು ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಸಮಾಧಾನ ಮಾಡಲು ಬರಬೇಡಿ. ಸಮಾಧಾನ ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ನಾನು ಗ್ರಂಥಾಲಯದವಳು. ಪುಸ್ತಕ ಕೊಡುವುದು, ತೆಗೆದುಕೊಳ್ಳುವುದು, ಮಾತಾಡುವವರ ಬಾಯಿ ಮುಚ್ಚಿಸುವುದು ನನ್ನ ಕೆಲಸ. ಅದರ ಜೊತೆಗೆ ಪ್ರತಿ ಬುಧವಾರ ಬೆಳಿಗ್ಗೆ ಹಿಂದಿನ ಕೋಣೆಯಲ್ಲಿ ಆರು ಹಳೆಯ ಕಂಪ್ಯೂಟರ್ ಇಟ್ಟುಕೊಂಡು ಒಂದು ತರಗತಿ. ನಿಮ್ಮದೇ ವೆಬ್ ಪುಟ ನೀವೇ ಮಾಡಿ ಅಂತ. ಹೆಚ್ಚೇನಿಲ್ಲ. ಒಂದು ಫೋಲ್ಡರ್, ಅದರಲ್ಲಿ ಇಂಡೆಕ್ಸ್ ಅನ್ನುವ ಹೆಸರಿನ ಒಂದು ಪುಟ, ಪಕ್ಕದಲ್ಲಿ ಚಿತ್ರಗಳು. ಉಚಿತವಾಗಿ ಜಾಗ ಕೊಡುವ ತಾಣವೊಂದಿದೆ. ಅದರ ಚೌಕದೊಳಗೆ ಆ ಫೋಲ್ಡರನ್ನು ಇಡಿಯಾಗಿ ಎಳೆದು ಬಿಟ್ಟರೆ ಮುಗಿಯಿತು, ಅರ್ಧ ನಿಮಿಷದಲ್ಲಿ ನಿಮ್ಮ ಪುಟ ಲೋಕಕ್ಕೆಲ್ಲ ಕಾಣುತ್ತದೆ.

ಆ ತರಗತಿಗೆ ಬಂದವರು ಬೋರ್ಡಣ್ಣ. ಅಂಗಡಿ ಬೋರ್ಡು ಬರೆಯುವವರು. ಅರವತ್ತೆಂಟು ವಯಸ್ಸು, ಉಗುರಿನ ಸಂದಿಯಲ್ಲಿ ಯಾವತ್ತೂ ನೀಲಿ ಬಣ್ಣ. ಮೌಸ್ ಹಿಡಿಯುವುದೂ ಬ್ರಷ್ ಹಿಡಿದ ಹಾಗೇ, ಮೂರು ಬೆರಳಿನಲ್ಲಿ.

"ಮೇಡಂ, ನಾನು ಬರೆದ ಬೋರ್ಡೆಲ್ಲ ಒಂದೊಂದಾಗಿ ಕಿತ್ತು ಹಾಕ್ತಿದ್ದಾರೆ. ಎಲ್ಲಾ ಕಡೆ ಪ್ಲಾಸ್ಟಿಕ್ಕು. ಹೋಗೋದ್ರೊಳಗೆ ಫೋಟೋ ಹಿಡಿದಿಟ್ಟಿದ್ದೀನಿ. ಅದನ್ನ ಎಲ್ಲಾದ್ರೂ ತೂಗುಹಾಕ್ಬೇಕು" ಅಂದರು.

ಒಟ್ಟು ಇಪ್ಪತ್ಮೂರು ಫೋಟೋ. ಔಷಧಿ ಅಂಗಡಿ, ಸೈಕಲ್ ರಿಪೇರಿ, ಕನ್ನಡಕದ ಅಂಗಡಿ. ಅಕ್ಷರ ಅಂದ್ರೆ ಅವು, ತಿನ್ನಬೇಕು ಅನ್ನಿಸುವ ಹಾಗೆ ದುಂಡಗೆ. ಐದು ವಾರ ನನ್ನ ತಲೆ ತಿಂದು, ಅಕ್ಷರಗಳ ನಡುವಿನ ಜಾಗಕ್ಕೆ ಜಗಳಾಡಿ, ಪ್ರತಿ ಫೋಟೋದ ಕೆಳಗೂ ತಮ್ಮ ಹೆಸರು ಹಾಕಿ ಪುಟ ಮುಗಿಸಿದರು. ಫೋಲ್ಡರ್ ಎಳೆದು ಬಿಟ್ಟ ದಿನ ತಾಣ ಹೇಳಿತು, ಖಾತೆ ಮಾಡಿಕೊಳ್ಳದಿದ್ದರೆ ಒಂದು ಗಂಟೆಯಲ್ಲಿ ಇದು ಅಳಿಸಿಹೋಗುತ್ತದೆ ಅಂತ. ನಾನು ಜಾಣೆ ನೋಡಿ, ಕೂಡಲೇ ಅವರ ಹೆಸರಲ್ಲಿ ಖಾತೆ ಮಾಡಿಸಿದೆ. ಗುಪ್ತಪದವನ್ನು ತರಗತಿಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ತಾಣವೇ ಒಂದು ವಿಳಾಸ ಕೊಟ್ಟಿತು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಪದ, ಹಿಂದೆ ಒಂದಿಷ್ಟು ಅಂಕಿ. ಬೋರ್ಡಣ್ಣ ಆ ವಿಳಾಸವನ್ನು ಒಂದು ರಟ್ಟಿನ ಮೇಲೆ ಬ್ರಷ್ಷಿನಲ್ಲೇ ಬರೆದು, ಲಕೋಟೆಗೆ ಹಾಕಿ ಮಗಳಿಗೆ ಅಂಚೆಯಲ್ಲಿ ಕಳಿಸಿದರು. ಅವರ ಹತ್ತಿರ ಇದ್ದದ್ದು ಗುಂಡಿ ಒತ್ತುವ ಫೋನು. ಅದರಲ್ಲಿ ಪುಟ ಗಿಟ ಏನೂ ಕಾಣುವುದಿಲ್ಲ, ಮೆಸೇಜ್ ಮಾತ್ರ.

ಮಗಳು ಇದ್ದಾಳೆ ಅನ್ನುವುದೇ ನನಗೆ ಅವತ್ತು ಗೊತ್ತಾದದ್ದು. ಬೇರೆ ಊರಲ್ಲಿ ಸ್ಟಿಕ್ಕರ್ ಕತ್ತರಿಸುವ ಅಂಗಡಿಯಲ್ಲಿ ಕೆಲಸವಂತೆ. ಎರಡು ವರ್ಷದಿಂದ ಮಾತಿಲ್ಲ.

ವಾರ ಕಳೆದು ಬೋರ್ಡಣ್ಣ ಮುಖ ಸಣ್ಣದು ಮಾಡಿಕೊಂಡು ಬಂದರು. ಫೋನು ನನ್ನ ಮುಂದೆ ಹಿಡಿದರು. 'ನನ್ನ ಹನ್ನೊಂದು ಬೋರ್ಡೂ ನಿಮ್ಮದೇ ಆಯ್ತಲ್ಲ ಅಪ್ಪ' ಅಂತ ಮಗಳ ಮೆಸೇಜು.

"ಏನಿದು?" ಅಂದೆ.

"ನಿಜ ಮೇಡಂ. ಹನ್ನೆರಡು ವರ್ಷದವಳಿದ್ದಾಗಿಂದ ನನ್ನ ಜೊತೆ ಏಣಿ ಹತ್ತಿದೋಳು. ಕನ್ನಡಕದ ಅಂಗಡೀದು, ಔಷಧಿ ಅಂಗಡೀದು, ಹೀಗೆ ಹನ್ನೊಂದೂ ಅವಳದೇ ಕೈ. ಕೆಳಗೆ ಮೂಲೇಲಿ ನನ್ನ ಹೆಸರನ್ನೇ ಹಾಕ್ತಿದ್ದೆ. ಒಂದರಲ್ಲಾದ್ರೂ ನನ್ನ ಹೆಸರು ಹಾಕಪ್ಪ ಅಂದ್ಲು. ಹುಡುಗಿ ಹೆಸರು ನೋಡಿದ್ರೆ ಗಿರಾಕಿ ಬರಲ್ಲ ಅಂದೆ. ಅವತ್ತೇ ಬ್ಯಾಗು ಎತ್ಕೊಂಡು ಹೋದ್ಲು."

"ಮತ್ತೆ ಪುಟದಲ್ಲೂ ಅದನ್ನೇ ಮಾಡಿದ್ದೀರಲ್ಲ ಮಹಾರಾಯರೇ!" ಅಂತ ರೇಗಿದೆ.

"ಅಭ್ಯಾಸ ಮೇಡಂ. ಕೈ ತಾನೇ ಬರೀತು."

ಆ ಮನುಷ್ಯ ಅಲ್ಲಿಯೇ ಕೂತು ಎರಡು ಬೆಳಿಗ್ಗೆ ಪುಟ ತಿದ್ದಿದರು. ಹನ್ನೊಂದು ಚಿತ್ರದ ಕೆಳಗೂ 'ಇದು ನನ್ನ ಮಗಳ ಕೈ' ಅಂತ ಬರೆದು ಅವಳ ಹೆಸರು ಹಾಕಿದರು. ಕೊನೆಯಲ್ಲಿ ನಾಲ್ಕು ಸಾಲು. ಅದನ್ನು ನನಗೆ ತೋರಿಸದೆ ಕೈ ಅಡ್ಡ ಇಟ್ಟುಕೊಂಡೇ ಬರೆದರು, ಪರೀಕ್ಷೆಯಲ್ಲಿ ಕೂತವರ ಹಾಗೆ.

ಮುಗಿದಾಗ ನಾನು ಕೌಂಟರಿನಲ್ಲಿದ್ದೆ, ಎದುರಿಗೆ ಸಾಲು. ಅವರು ಹಿಂದಿನ ಕೋಣೆಯ ಬಾಗಿಲಿಂದಲೇ ಕೇಳಿದರು. "ಮೇಡಂ, ಹೊಸದನ್ನ ಹಾಕೋದು ಹೇಗೆ?"

"ಮೊದಲು ಹಾಕಿದ ಹಾಗೇ! ನಿಮ್ಮ ಬೋರ್ಡಿನ ಥರ ಅಂದ್ಕೊಳ್ಳಿ. ಹಳೇದರ ಮೇಲೆ ಹೊಸ ಬಣ್ಣ ಹೊಡೆದ್ರೆ ಹಳೇದು ಹೋಯ್ತು. ಫೋಲ್ಡರ್ ಮತ್ತೆ ಎಳೆದುಬಿಡಿ!"

ಹೀಗಂದೆ. ಕೌಂಟರಿನಲ್ಲಿ ನಿಂತಿದ್ದವರು ನಕ್ಕರು, ನನಗೂ ನನ್ನ ಮಾತು ಚೆನ್ನಾಗಿದೆ ಅನ್ನಿಸಿತು. ಹಾಳಾದ ನನ್ನ ನಾಲಿಗೆ!

ಬೋರ್ಡಣ್ಣ ಮೊದಲು ಹಾಕಿದ ಚೌಕಕ್ಕೇ ಎಳೆದು ಬಿಟ್ಟರು. ಹಸಿರು ಅಕ್ಷರದಲ್ಲಿ 'ಪ್ರಕಟವಾಗಿದೆ' ಅಂತ ಬಂತು. ಕೆಳಗಿದ್ದ ಕೊಂಡಿ ಒತ್ತಿದರು, ತಿದ್ದಿದ ಪುಟ ತೆರೆದುಕೊಂಡಿತು. ನಾನೂ ಹೋಗಿ ಭುಜದ ಮೇಲಿಂದ ಇಣುಕಿದೆ. ಮಗಳ ಹೆಸರು ಕಂಡಿತು. "ಭೇಷ್" ಅಂದೆ. ಇಬ್ಬರೂ ಪುಟ ನೋಡಿದೆವೇ ಹೊರತು ಮೇಲಿನ ವಿಳಾಸದ ಪಟ್ಟಿಯನ್ನು ಯಾರೂ ನೋಡಲಿಲ್ಲ. ಅವರು ನನ್ನ ಎದುರೇ ಮಗಳಿಗೆ ಗುಂಡಿ ಒತ್ತಿ ಒತ್ತಿ ಮೆಸೇಜ್ ಮಾಡಿದರು. 'ಅದೇ ವಿಳಾಸ. ಇನ್ನೊಂದು ಸಲ ನೋಡು ಮಗಾ.'

ಮಧ್ಯಾಹ್ನ ಊಟದ ಹೊತ್ತಿಗೆ ಉತ್ತರ ಬಂತು. 'ನೋಡಿದೆ. ಇನ್ನು ನನಗೆ ಮೆಸೇಜ್ ಮಾಡಬೇಡಿ.'

ನನಗೆ ಕೆಂಡದಂಥ ಕೋಪ ಬಂತು, ಆ ಹುಡುಗಿಯ ಮೇಲೆ. ಅಪ್ಪ ಇಷ್ಟು ಇಳಿದು ಬಂದರೂ ಏನು ಕಲ್ಲು ಮನಸ್ಸು! ಮನಸ್ಸಿನಲ್ಲೇ ಅವಳಿಗೆ ಚೆನ್ನಾಗಿ ಬೈದುಕೊಂಡೆ. ನಾಲ್ಕು ತಿಂಗಳು ಬೈದುಕೊಂಡೇ ಇದ್ದೆ. ಬೋರ್ಡಣ್ಣ ಆಮೇಲೂ ಬುಧವಾರ ಬಂದು ಕೂರುತ್ತಿದ್ದರು. ಹೊಸದೇನೂ ಮಾಡಲಿಲ್ಲ, ಪಕ್ಕದವರಿಗೆ ಅಕ್ಷರದ ಬಣ್ಣ ಆರಿಸಿಕೊಡುತ್ತಿದ್ದರು. ಐದನೇ ತಿಂಗಳು ಅವರ ಶ್ವಾಸಕೋಶ ಕೈಕೊಟ್ಟಿತು. ಎಷ್ಟು ವರ್ಷ ಬಣ್ಣಕ್ಕೆ ಬೆರೆಸುವ ಥಿನ್ನರಿನ ಘಾಟು ಕುಡಿದದ್ದೋ ಏನೋ. ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದರು, ಹತ್ತನೇ ದಿನ ಇರಲಿಲ್ಲ. ಅವರಿದ್ದ ಬಾಡಿಗೆ ಮನೆಯ ಮಾಲೀಕರು ಹೇಗೋ ನಂಬರ್ ಹುಡುಕಿ ಮಗಳಿಗೆ ತಿಳಿಸಿದರು.

ಅವಳು ಗ್ರಂಥಾಲಯಕ್ಕೆ ಬಂದದ್ದು ಅದಾಗಿ ಎಂಟು ದಿನಕ್ಕೆ. ಮೂವತ್ತರ ಹೆಣ್ಣು, ಎತ್ತರ, ಅಪ್ಪನದೇ ಮೂಗು. ನೇರ ನನ್ನ ಮುಂದೆ ನಿಂತಳು.

"ಅಪ್ಪನ ಪುಟ ಮಾಡ್ಸಿದ್ದು ನೀವೇನಾ? ಅದನ್ನ ತೆಗೆದುಹಾಕ್ಬೇಕಿತ್ತು."

"ಯಾಕಮ್ಮ ತೆಗೀಬೇಕು?" ನನ್ನ ದನಿ ಗಟ್ಟಿಯಾಗಿಯೇ ಬಂತು. "ಅಷ್ಟೆಲ್ಲ ಬರೆದು ನಿಮ್ಮನ್ನ ಬೇಡ್ಕೊಂಡಿದ್ದಾರಲ್ಲ, ಅದಾದ್ರೂ ಇರ್ಲಿ."

"ಏನು ಬೇಡ್ಕೊಂಡಿದ್ದಾರೆ?" ಅಂದಳು. ನಿಜವಾಗಿ ಗೊತ್ತಿಲ್ಲದವರು ಕೇಳುವ ಹಾಗೆ ಕೇಳಿದಳು. "ಇನ್ನೊಂದ್ಸಲ ನೋಡು ಅಂದ್ರು. ಬಸ್‌ಸ್ಟ್ಯಾಂಡಲ್ಲಿ ನಿಂತು ನೋಡ್ದೆ. ಮೊದಲಿನದೇ ಇತ್ತು. ಹನ್ನೊಂದರ ಕೆಳಗೂ ಅವರ ಹೆಸರೇ. ನನ್ನ ಕೆಣಕೋಕೆ ಹೇಳಿದ್ದಾರೆ ಅಂದ್ಕೊಂಡೆ."

ಫೋನು ತೆಗೆದು ತೋರಿಸಿದಳು. ಹಳೆಯ ಪುಟ. 

ಹಿಂದಿನ ಕೋಣೆಗೆ ಕರೆದುಕೊಂಡು ಹೋದೆ. ನೋಟ್‌ಬುಕ್ಕು ತೆಗೆದು ಬೋರ್ಡಣ್ಣನ ಖಾತೆ ತೆರೆದೆ. ಒಂದು ಪುಟ ಇರಬೇಕಾದ ಕಡೆ ಎರಡು ಇದ್ದವು. ಒಂದರ ಕೆಳಗೊಂದು, ಒಂದೇ ಖಾತೆಯಲ್ಲಿ, ಬೇರೆ ಬೇರೆ ವಿಳಾಸ. ಆ ಮೊದಲ ಚೌಕ ಇರುವುದೇ ಹೊಸ ಪುಟ ಶುರು ಮಾಡಲಿಕ್ಕೆ. ಅಲ್ಲಿ ಎಷ್ಟು ಸಲ ಎಳೆದು ಬಿಟ್ಟರೂ ಅಷ್ಟು ಸಲ ಹೊಸ ವಿಳಾಸದಲ್ಲಿ ಹೊಸ ಪುಟ. ಹಳೆಯದನ್ನು ಬದಲಿಸಬೇಕಾದರೆ ಖಾತೆಯಲ್ಲಿ ಆ ಹಳೆಯ ಪುಟದ ಒಳಗೇ ಹೋಗಿ, ಅಲ್ಲಿರುವ ಚೌಕಕ್ಕೆ ಎಳೆಯಬೇಕು. ಇದು ನನಗೆ ಗೊತ್ತಿತ್ತು. ಗ್ರಂಥಾಲಯದ ಪುಟವನ್ನು ಪ್ರತಿ ತಿಂಗಳು ನಾನು ಬದಲಿಸುವುದೇ ಹಾಗೆ. ಬೋರ್ಡಣ್ಣ ಹೊಸ ಬಣ್ಣ ಹೊಡೆದಿರಲಿಲ್ಲ, ಯಾರಿಗೂ ಗೊತ್ತಿಲ್ಲದ ಬೀದಿಯಲ್ಲಿ ಇನ್ನೊಂದು ಬೋರ್ಡು ತೂಗುಹಾಕಿ ಬಂದಿದ್ದರು. ಹಾಗೆ ಮಾಡಲು ಹೇಳಿದವಳು ನಾನು.

ಹೇಳದೆ ಇರಬಹುದಿತ್ತು. ತಾಣದ್ದೇ ಏನೋ ಎಡವಟ್ಟು ಅಂದಿದ್ದರೆ ಅವಳು ನಂಬುತ್ತಿದ್ದಳು. ಆದರೆ ಆ ಮೂಗು ನೋಡಿಕೊಂಡು ಸುಳ್ಳು ಹೇಳಲಾಗಲಿಲ್ಲ. ಎಲ್ಲ ಹೇಳಿದೆ, ಕೌಂಟರಿನಿಂದ ಕೂಗಿದ ಜಾಣತನದ ಮಾತು ಸಮೇತ. ಅವಳು ಎರಡನೆಯ ಪುಟ ತೆರೆದಳು. ಮೆಲ್ಲಗೆ ಕೆಳಗೆ ಸರಿಸುತ್ತಾ ಹೋದಳು. ಹನ್ನೊಂದು ಕಡೆ ನಿಂತಳು. ಕೊನೆಯ ನಾಲ್ಕು ಸಾಲನ್ನು ನಾನೂ ಮೊದಲ ಸಲ ಓದಿದ್ದು ಆಗಲೇ.

'ನನ್ನ ಮಗಳು ನನಗಿಂತ ಚೆನ್ನಾಗಿ ಬರೆಯುತ್ತಾಳೆ. ಇದು ಅವಳಿಗೆ ಹದಿನಾರು ವರ್ಷವಾದಾಗಲೇ ನನಗೆ ಗೊತ್ತಾಗಿತ್ತು. ಹೊಟ್ಟೆಕಿಚ್ಚಿಗೆ ಹೇಳಲಿಲ್ಲ. ಗಿರಾಕಿಯ ಮಾತು ಸುಳ್ಳು, ಮಗಾ.'

ಅವಳು ಅತ್ತಳು. ಗ್ರಂಥಾಲಯದಲ್ಲಿ ಸದ್ದು ಮಾಡಬಾರದು ಅಂತ ಬಾಯಿಗೆ ದುಪಟ್ಟಾ ಒತ್ತಿಕೊಂಡು ಅತ್ತಳು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. "ಜೋರಾಗಿ ಅಳಮ್ಮ, ಯಾರು ಏನಂತಾರೋ ನಾನು ನೋಡ್ಕೋತೀನಿ" ಅಂದೆ. ಅಷ್ಟರಲ್ಲಿ ನಾನೇ ಅಳುತ್ತಿದ್ದೆ.

ಸ್ವಲ್ಪ ಹೊತ್ತಾದ ಮೇಲೆ ಕೇಳಿದೆ. "ಹಳೇದನ್ನ ತೆಗೆದುಬಿಡ್ಲಾ?"

"ಬೇಡ. ಸರಿಯಾಗಿ ಹಾಕೋದು ಹೇಗೆ ಅಂತ ತೋರ್ಸಿ."

ಹಳೆಯ ಪುಟದ ಒಳಗಿನ ಚೌಕ ತೋರಿಸಿದೆ. ಅಪ್ಪನ ಫೋಲ್ಡರ್ ಇನ್ನೂ ಅದೇ ಕಂಪ್ಯೂಟರಿನಲ್ಲಿತ್ತು. ಅವಳೇ ಹಿಡಿದಳು, ಎಳೆದಳು, ಬಿಟ್ಟಳು. ಅರ್ಧ ನಿಮಿಷವೂ ಬೇಕಾಗಲಿಲ್ಲ. ಫೋನಿನಲ್ಲಿ ಆ ವಿಳಾಸವನ್ನೇ ಮತ್ತೆ ತೆರೆದಳು. ಕನ್ನಡಕದ ಅಂಗಡಿಯ ಬೋರ್ಡಿನ ಕೆಳಗೆ ಅವಳ ಹೆಸರು ಬಂತು.

ಫೋನು ಕೆಳಗಿಟ್ಟು ನನ್ನ ಕಡೆ ತಿರುಗಿದಳು. "ನನ್ನ ಕೊನೇ ಮೆಸೇಜ್ ಬಂದಾಗ ನೀವು ಪಕ್ಕದಲ್ಲಿದ್ರಾ?"

"ಇದ್ದೆ."

"ಅಪ್ಪ ಏನಂದ್ರು?"

"'ಆಯ್ತು, ಇದೊಂದಾದ್ರೂ ಅವಳು ಹೇಳಿದ ಹಾಗೆ ನಡ್ಕೋತೀನಿ' ಅಂದ್ರು."

"ಆಸ್ಪತ್ರೇಲಿದ್ದಾಗ? ನನಗ್ಯಾಕೆ ಯಾರೂ ಹೇಳ್ಲಿಲ್ಲ?"

ಅಲ್ಲಿಗೇ ಬಾಯಿ ಮುಚ್ಚಿಕೊಳ್ಳಬೇಕಿತ್ತು. ಆದರೆ ಅವಳು ಕೇಳಿದಳು, ನಾನು ಹೇಳಿದೆ. ನರ್ಸು ಫಾರಂ ಹಿಡಿದುಕೊಂಡು ಯಾರಿಗೆ ತಿಳಿಸಬೇಕು ಅಂತ ಕೇಳಿದಾಗ ನಾನು ಮಂಚದ ಪಕ್ಕದಲ್ಲೇ ಇದ್ದೆ. ಬೋರ್ಡಣ್ಣ ಬಾಯಿ ಮೇಲಿನ ಆಕ್ಸಿಜನ್ ಮಾಸ್ಕು ಸರಿಸಿ, ಮಗಳ ನಂಬರನ್ನು ಪೂರ್ತಿ ಹೇಳಿದರು. ನರ್ಸು ಬರೆದುಕೊಂಡು ಹೊರಟಳು. ಅವಳನ್ನು ವಾಪಸ್ಸು ಕರೆದು, ಬರೆದ ನಂಬರನ್ನು ಹೊಡೆದುಹಾಕಿಸಿದರು.