ಅತ್ತೆಯ ತುತ್ತುಗಳನ್ನು ಎಣಿಸಿದ್ದು

ಆರು ದಿನಗಳಲ್ಲಿ ನಾಲ್ಕೂವರೆ ಕೆ.ಜಿ. ಎಲ್ಲಿ ಹೋಯಿತು ಎಂದು ಓದುಂಡೊನಿಗೆ ಮೊದಲು ತಿಳಿಯಲಿಲ್ಲ. ಆಸ್ಪತ್ರೆಗೆ ಬಂದ ದಿನ ಪೆರೆಸ್ ನಲವತ್ತಮೂರು ಇದ್ದಳು. ಇವತ್ತು ಬೆಳಿಗ್ಗೆ ಮೂವತ್ತೆಂಟೂವರೆ. ತೂಕದ ಯಂತ್ರವೇ ಕೆಟ್ಟಿದೆಯೇನೋ ಎಂದು ತಾನೇ ಹತ್ತಿ ನೋಡಿದ. ಯಂತ್ರ ಸರಿಯಿತ್ತು.

"ನೀನು ಹತ್ತಿ ಇಳಿದರೆ ಆಯಿತೇನಪ್ಪಾ? ಅವಳ ಕಾಲು ನೋಡಿದೀಯಾ?" ಎಂದಳು ವಾರ್ಡಿನ ಹಿರಿಯ ನರ್ಸ್ ಮಿಲ್ಕಾ.

ನೋಡಿರಲಿಲ್ಲ. ನೋಡುವ ಹಾಗೂ ಇರಲಿಲ್ಲ. ಸರೋವರದ ದಂಡೆಯ ಈ ಆಸ್ಪತ್ರೆಯಲ್ಲಿ ಓದುಂಡೊ ಪಥ್ಯಾಹಾರದ ಅಧಿಕಾರಿ. ಪೆರೆಸ್ ಅವನ ಹೆಂಡತಿ ಅಕೆಲೊಳ ತಂದೆಯ ಎರಡನೆಯ ಹೆಂಡತಿ. ಅವನು ಮದುವೆಗೆ ವಧುದಕ್ಷಿಣೆಯಾಗಿ ಹೊಡೆದುಕೊಂಡು ಹೋದ ದನಗಳನ್ನು ಕಟ್ಟಿದ್ದು ಆ ಮನೆಯ ಅಂಗಳದಲ್ಲೇ. ಹಾಗಾಗಿ ಅವಳು ಅವನಿಗೆ ಅತ್ತೆ. ಅವರ ಕುಲದಲ್ಲಿ ಅತ್ತೆಯ ಎದುರು ಅಳಿಯ ಉಣ್ಣುವುದಿಲ್ಲ, ಅಳಿಯನ ಎದುರು ಅತ್ತೆ ಬಾಯಿಗೆ ಏನೂ ಇಡುವುದಿಲ್ಲ, ಒಬ್ಬರನ್ನೊಬ್ಬರು ಮುಟ್ಟುವುದಂತೂ ದೂರದ ಮಾತು. ಮೂರು ಸಲ ಅವಳು ಚಿಕಿತ್ಸೆಗೆ ಬಂದಾಗಲೂ ಅವನು ಬಾಗಿಲ ಬಳಿ ನಿಂತು, ನೆಲ ನೋಡುತ್ತ ಪ್ರಶ್ನೆ ಕೇಳಿದ್ದ. ಅವಳೂ ಗೋಡೆ ನೋಡುತ್ತ ಉತ್ತರ ಕೊಟ್ಟಿದ್ದಳು.

ಮಿಲ್ಕಾಗೆ ಅಂಥ ಕಟ್ಟು ಇರಲಿಲ್ಲ. ಅವಳು ಗುಡ್ಡದ ಕಡೆಯ ಲುಹ್ಯಾ ಎಂಬ ಬೇರೆ ಕುಲದವಳು, ಪೆರೆಸಳಿಗೆ ನೆಂಟಳೂ ಅಲ್ಲ. "ಬಂದ ದಿನ ಕಣಕಾಲ ಮೇಲೆ ಹೆಬ್ಬೆರಳು ಒತ್ತಿದೆ. ಒದ್ದೆ ಮಣ್ಣಲ್ಲಿ ಒತ್ತಿದ ಹಾಗೆ ಕುಳಿ ಬಿತ್ತು, ಹಾಗೇ ಉಳೀತು. ಡಾಕ್ಟ್ರು ನೀರಿಳಿಸೋ ಮಾತ್ರೆ ಕೊಟ್ಟರು. ಆರು ದಿನ ರಾತ್ರಿ ಹಗಲು ಬೆಡ್‌ಪ್ಯಾನ್ ಹೊತ್ತಿದ್ದು ನಾನು. ನಿನ್ನ ನಾಲ್ಕೂವರೆ ಕೆ.ಜಿ. ಎಲ್ಲಿ ಹೋಯಿತು ಅಂತ ನನ್ನ ಕೇಳು."

ಓದುಂಡೊ ಕಾರ್ಡು ಬಿಡಿಸಿದ. ಮೂವತ್ತು ವರ್ಷ ಮೀನು ಹೊಗೆಯಾಡಿಸುವ ಗೂಡಿನ ಮುಂದೆ ಕೂತು ಶ್ವಾಸಕೋಶ ಸುಟ್ಟುಕೊಂಡ ಹೆಂಗಸು. ಉಸಿರಿನ ದಾರಿ ಕಿರಿದಾಗಿದೆ ಎಂದು ಜಿಲ್ಲಾಸ್ಪತ್ರೆಯ ಊದುವ ಪರೀಕ್ಷೆ ಹೇಳಿತ್ತು. ಕಫ ಎರಡು ಸಲ ಪರೀಕ್ಷಿಸಿ ಕ್ಷಯ ಇಲ್ಲವೆಂದಾಗಿತ್ತು. ಊರವರು ಪಿಸುಗುಟ್ಟುತ್ತಿದ್ದ ಇನ್ನೊಂದು ಕಾಯಿಲೆ, ಎಚ್‌ಐವಿ, ಅದೂ ಇರಲಿಲ್ಲ. ಒಂದು ವರ್ಷದಲ್ಲಿ ಎದೆಯ ಸೋಂಕು ನಾಲ್ಕು ಸಲ. ವರ್ಷದ ಹಿಂದೆ ನಲವತ್ತೊಂಬತ್ತು ಕೆ.ಜಿ. ಆಮೇಲಿನ ಸಾಲುಗಳು ಅವನ ಕೈಬರಹದಲ್ಲೇ ಇದ್ದವು: 43, 42.5, 43. ಪಕ್ಕದಲ್ಲಿ, "ತೂಕ ಸ್ಥಿರ. ಆಹಾರ: ದಿನಕ್ಕೆ ಮೂರು ಹೊತ್ತು, ಮುದ್ದೆ, ಮೀನು, ಸೊಪ್ಪು. ಹಸಿವು ಚೆನ್ನಾಗಿದೆ."

ಸ್ಥಿರವಾಗಿದ್ದದ್ದು ಅಂಕಿ ಮಾತ್ರ, ಮೈಯಲ್ಲ. ಮಾಂಸ ಕರಗಿದಷ್ಟು ನೀರು ಕಾಲಲ್ಲಿ ತುಂಬಿಕೊಂಡು ಲೆಕ್ಕ ಸರಿಮಾಡಿತ್ತು. ನೂರೈವತ್ತೆಂಟು ಸೆಂಟಿಮೀಟರ್ ಎತ್ತರಕ್ಕೆ ಮೂವತ್ತೆಂಟೂವರೆ ಕೆ.ಜಿ. ಗುಣಿಸಿ ಭಾಗಿಸಿದರೆ ಬಿಎಂಐ ಹದಿನೈದು ಪಾಯಿಂಟ್ ನಾಲ್ಕು. ಹದಿನೆಂಟೂವರೆಗಿಂತ ಕೆಳಗಿದ್ದರೇ ಸೊರಗು. ಹದಿನಾರಕ್ಕಿಂತ ಕೆಳಗೆ ಹೋದವರನ್ನು ಅವನು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದ. ಮಿಲ್ಕಾ ತೋಳಿಗೆ ಪಟ್ಟಿ ಸುತ್ತಿ ಅಳೆದು ಕೂಗಿದಳು: "ಹದಿನೆಂಟು ಸೆಂಟಿಮೀಟರ್! ನನ್ನ ಮೊಮ್ಮಗನ ತೋಳು ಇದಕ್ಕಿಂತ ದಪ್ಪ ಇದೆ."

ಅವನು ಕೆಂಪು ಪೆನ್ನು ತೆಗೆದ. 38.5 ಎಂದು ಬರೆದ.

ಡಾಕ್ಟರು ಬೆಳಿಗ್ಗೆಯೇ ಹೇಳಿದ್ದರು: ಉಸಿರೆಳೆಯುವ ಸ್ನಾಯುಗಳೂ ಮಾಂಸವೇ, ಅವೂ ಕರಗುತ್ತಿವೆ. ಕೆಮ್ಮುವ ಬಲವಿಲ್ಲದೆ ಕಫ ಒಳಗೇ ಕೂರುತ್ತದೆ, ಕೂತ ಕಫದಲ್ಲಿ ಸೋಂಕು, ಸೋಂಕಿನಲ್ಲಿ ಊಟ ಬೇಡ, ಊಟವಿಲ್ಲದೆ ಇನ್ನಷ್ಟು ಮಾಂಸ ಹೋಗುತ್ತದೆ. "ಐದನೆಯ ಸೋಂಕನ್ನ ಈ ದೇಹ ತಡಕೊಳ್ಳುತ್ತೆ ಅಂತ ನಾನು ಹೇಳಲಾರೆ. ನಾಡಿದ್ದು ಮನೆಗೆ ಕಳಿಸ್ತೀನಿ. ಅಷ್ಟರೊಳಗೆ ಅವಳು ಹೇಗೆ ಉಣ್ಣಬೇಕು ಅನ್ನೋದು ನಿನ್ನ ಕೆಲಸ."

ಹೇಗೆ ಉಣ್ಣಬೇಕು ಎಂದು ಹೇಳಲು ಹೇಗೆ ಉಣ್ಣುತ್ತಿದ್ದಾಳೆ ಎಂದು ಗೊತ್ತಿರಬೇಕಲ್ಲ. ಮೂರು ಸಲ ಕೇಳಿದ್ದ, ಮೂರು ಸಲ ನಂಬಿದ್ದ. ಅಳಿಯನ ಮುಂದೆ 'ನಮ್ಮ ಮನೆಯಲ್ಲಿ ನನಗೆ ಊಟ ಸೇರುತ್ತಿಲ್ಲ' ಎಂದು ಯಾವ ಅತ್ತೆ ಹೇಳಿದ್ದುಂಟು? ಇಷ್ಟು ದಿನ ಈ ಪ್ರಶ್ನೆ ತನ್ನ ತಲೆಗೆ ಹೊಳೆಯಲಿಲ್ಲವೇ ಎಂದು ಅವನಿಗೆ ನಾಚಿಕೆಯಾಯಿತು.

"ಸಿಸ್ಟರ್, ಮಧ್ಯಾಹ್ನ ಅವರು ಉಣ್ಣೋವಾಗ ನೀವು ಪಕ್ಕದಲ್ಲಿ ಕೂತು ನೋಡಬೇಕು. ತುತ್ತು ಎಣಿಸಿ. ಬೆರಳಿಗೆ ಆಮ್ಲಜನಕ ಅಳೆಯೋ ಕ್ಲಿಪ್ ಹಾಕಿ."

"ಅಂದ್ರೆ ನಿಮ್ಮತ್ತೆಯ ಊಟದ ಮೇಲೆ ಬೇಹುಗಾರಿಕೆ ಮಾಡಬೇಕು ನಾನು."

"ಹಾಗೇ ಅಂದುಕೊಳ್ಳಿ."

ಪೆರೆಸಳ ಸೊಸೆ ಎವರ್‌ಲೀನ್ ಮನೆಯಿಂದ ಡಬ್ಬಿ ತಂದಳು: ಬಿಳಿ ಮೆಕ್ಕೆಜೋಳದ ಗಟ್ಟಿ ಮುದ್ದೆ, ಕರಿದು ಬೇಯಿಸಿದ ಪುಟ್ಟ ಒಮೆನಾ ಮೀನು, ಸೊಪ್ಪು. ಓದುಂಡೊ ವಾರ್ಡಿನ ಹೊರಗೆ ಪಡಸಾಲೆಯಲ್ಲಿ ಕಾದ. ಅರ್ಧ ಗಂಟೆಯ ಮೇಲೆ ಮಿಲ್ಕಾ ಹೊರಗೆ ಬಂದಳು. ಈಗ ಅವಳ ಮುಖದಲ್ಲಿ ತಮಾಷೆ ಇರಲಿಲ್ಲ.

"ನಾಲ್ಕು ತುತ್ತು. ನಾಲ್ಕೇ. ಅಗಿಯೋಕೆ ಬಾಯಿ ಮುಚ್ಚಬೇಕು, ಬಾಯಿ ಮುಚ್ಚಿದರೆ ಉಸಿರಿಲ್ಲ. ಒಂದು ತುತ್ತು ನುಂಗಿ, ನೀರಿಂದ ಮೇಲೆ ಬಂದವಳ ಹಾಗೆ ಬಾಯಿ ತೆರೀತಾಳೆ. ಆಮ್ಲಜನಕ ತೊಂಬತ್ತೊಂದು ಇದ್ದದ್ದು ಎಂಬತ್ತಾರಕ್ಕೆ ಇಳೀತು. ಆಮೇಲೆ ಕೈ ತೊಳ್ಕೊಂಡು 'ಹೊಟ್ಟೆ ತುಂಬಿತು' ಅಂದಳು. ನನಗೂ ಹಾಗೇ ಅಂದಳು, ಸುಳ್ಳುಗಾತಿ."

"ಮನೇಲೂ ಹೀಗೇನಾ?"

ಹಿಂದೆಯೇ ಬಂದಿದ್ದ ಎವರ್‌ಲೀನ್ ನೆಲ ನೋಡಿದಳು. "ಮನೇಲಿ ಒಂದೇ ತಟ್ಟೆ ಅಣ್ಣಾ. ಸುತ್ತ ಆರು ಕೈ. ಅಮ್ಮ ಒಂದು ತುತ್ತು ಮುಗಿಸೋದ್ರಲ್ಲಿ ತಟ್ಟೆ ಖಾಲಿ. ಒಲೆ ಮುಂದೆ ಎರಡು ಗಂಟೆ ಕೂತು, ಕೆಮ್ಮುತ್ತಾ ಎದ್ದು, ಹಾಗೇ ಊಟಕ್ಕೆ ಕೂರ್ತಾರೆ. ಬೇರೆ ತಟ್ಟೇಲಿ ಎತ್ತಿಡ್ಲಾ ಅಂದ್ರೆ, 'ನಾನಿನ್ನೂ ಸತ್ತಿಲ್ಲ ಕಣೇ' ಅಂತಾರೆ. ನೀವು ಕೊಟ್ಟ ಪುಷ್ಟಿ ಹಿಟ್ಟೂ ಅಷ್ಟೇ, ಎಲ್ಲರ ಗಂಜೀಗೂ ಹಾಕಿ ಕಲಸಿಬಿಟ್ಟರು."

ಓದುಂಡೊ ತಲೆಯಾಡಿಸಿದ. ಬೇರೆ ತಟ್ಟೆ ಯಾರಿಗೆ ಇಡುತ್ತಾರೆ? ಅಂಟುರೋಗದವರಿಗೆ, ಜಿಪುಣರಿಗೆ, ನೆರೆಯವರು ಮಾಟಗಾತಿ ಎಂದು ಅನುಮಾನಿಸುವವರಿಗೆ. ಊರೇ ಪಿಸುಗುಟ್ಟುತ್ತಿದ್ದಾಗ ಪೆರೆಸ್ ತಟ್ಟೆಯ ಸುತ್ತಿನಿಂದ ಕೈ ತೆಗೆದರೆ ಪಿಸುಮಾತಿಗೆ ಸಾಕ್ಷಿ ಸಿಕ್ಕಂತೆ. ಅದಕ್ಕಾಗಿಯೇ ದಿನವೂ ಸುತ್ತಿನಲ್ಲಿ ಕೂತು, ನಾಲ್ಕು ತುತ್ತಿಗೆ ಹೊಟ್ಟೆ ತುಂಬಿತೆಂದು ಏಳುತ್ತಿದ್ದಳು.

ಸಂಜೆ ಅವನು ಪೆರೆಸಳ ಹಾಸಿಗೆಯ ಸುತ್ತ ಹಸಿರು ಬಟ್ಟೆಯ ಪರದೆ ಎಳೆಸಿದ. ಅವಳು ಒಳಗೆ, ಅವನು ಹೊರಗೆ, ಮಿಲ್ಕಾ ಪರದೆಯ ಅಂಚು ಹಿಡಿದು ನಡುವೆ.

"ಸಿಸ್ಟರ್, ಅತ್ತೆಯವರಿಗೆ ಹೇಳಿ, ಅಳಿಯ ತಪ್ಪು ಮಾಡಿದ್ದಾನೆ ಅಂತ."

"ಅಳಿಯ ತಪ್ಪು ಮಾಡಿದಾನಂತೆ," ಎಂದಳು ಮಿಲ್ಕಾ ಪರದೆಯ ಒಳಕ್ಕೆ.

"ಕೇಳಿಸ್ತು." ಒಳಗಿನ ದನಿ ಎರಡು ಉಸಿರಿನ ನಡುವೆ ಬಂತು. "ನನಗೆ ಕೆಟ್ಟಿರೋದು ಎದೆ... ಕಿವಿ ಅಲ್ಲ."

"ಮೂರು ಸಲ ಬಂದಾಗ ನಾನು ಅಳಿಯನಾಗಿ ಕೇಳಿದೆ, ನೀವು ಅತ್ತೆಯಾಗಿ ಹೇಳಿದ್ರಿ. ರೋಗಿಯನ್ನ ಯಾರೂ ಕೇಳಲೇ ಇಲ್ಲ."

ಒಳಗೆ ಮಂಚ ಕಿರುಗುಟ್ಟಿತು.

"ಏನು ಹೇಳಲಿ ಅಳಿಯಪ್ಪಾ? ನಿನ್ನ ದನ ಬಂದ ಮನೇಲಿ... ಒಬ್ಬಳಿಗೆ ತುತ್ತು ಇಳೀತಿಲ್ಲ ಅಂತ ಹೇಳಲಾ? ನೀನು ಅಕೆಲೊಗೆ ಹೇಳ್ತೀಯ. ಅವಳು ಬಂದು ನನ್ನ ಒಲೆ ಕಸ್ಕೊಂಡು... ಮೂಲೇಲಿ ಕೂರಿಸಿ... ಗಂಜಿ ಬಟ್ಟಲು ಇಡ್ತಾಳೆ. ಆಮೇಲೆ ಊರಿನವರು ಬಂದು ನೋಡ್ಕೊಂಡು ಹೋಗ್ತಾರೆ, ಹೆಣ ನೋಡೋ ಹಾಗೆ."

ಓದುಂಡೊನ ಬಾಯಲ್ಲಿ ಕಾಲೇಜಿನಲ್ಲಿ ಕಲಿತ ಮಾತುಗಳೆಲ್ಲ ಸಿದ್ಧವಿದ್ದವು. ಸ್ವಲ್ಪ ಸ್ವಲ್ಪ, ದಿನಕ್ಕೆ ಆರು ಸಲ. ಮೆತ್ತಗಿನದು, ಆದರೆ ಚಿಕ್ಕ ಬಟ್ಟಲಲ್ಲೇ ಬಲ ತುಂಬಿರುವುದು. ಎಲ್ಲವೂ ನಿಜ, ಎಲ್ಲವೂ ಅವಳು ಹೆದರುತ್ತಿದ್ದ ಆ ಗಂಜಿ ಬಟ್ಟಲೇ.

"ಸುತ್ತಿನಿಂದ ಏಳಬೇಡಿ," ಎಂದ ಕೊನೆಗೆ. "ಎಲ್ಲರ ಜೊತೆ ಕೂರಿ. ನಿಮ್ಮ ನಾಲ್ಕು ತುತ್ತು ಅಲ್ಲೇ ಉಣ್ಣಿ, ಯಾರೂ ಕೇಳೋದಿಲ್ಲ. ಅದು ಮನೆಯ ಊಟ. ಬಟ್ಟಲು ಔಷಧ. ಅದಕ್ಕೆ ಹೊತ್ತು ಬೇರೆ: ಊಟಕ್ಕೆ ಯಾರೂ ಕೂರದ ಹೊತ್ತು. ಬೆಳಿಗ್ಗೆ ಎದ್ದಾಗ, ಹತ್ತಕ್ಕೆ, ನಾಲ್ಕಕ್ಕೆ, ಮಲಗೋ ಮುಂಚೆ. ಇನ್ಹೇಲರ್ ಎಳ್ಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತು, ಮೇಜಿಗೆ ಮೊಣಕೈ ಊರಿ, ಆಮೇಲೆ. ಬಟ್ಟಲ ಗಂಜಿಗೆ ಒಮೆನಾ ಪುಡಿ, ಕಡಲೆಬೀಜದ ಪೇಸ್ಟು, ಹಾಲು, ಒಂದು ಮೊಟ್ಟೆ. ಹೊಟ್ಟೆ ಬಿರಿಯೋ ಹಾಗಲ್ಲ. ತುಂಬಿದ ಹೊಟ್ಟೆ ಮೇಲಕ್ಕೆ ಒತ್ತಿ ಉಸಿರು ಕಟ್ಟುತ್ತೆ. ಸೊರಗಿದ ಮೈಗೆ ಒಮ್ಮೆಲೇ ತುಂಬಿಸಲೂ ಬಾರದು, ಇಲ್ಲಿರೋ ಎರಡು ದಿನ ಡಾಕ್ಟ್ರು ರಕ್ತ ನೋಡ್ತಾರೆ. ಒಲೆ ಮುಂದೆ ಮಾತ್ರ ಎವರ್‌ಲೀನ್ ಕೂರಲಿ. ನೀವು ಹೊರಗೆ, ಗಾಳೀಲಿ ಕೂತು ಅವಳಿಗೆ ಬೈರಿ."

"ಬೈಯೋಕೆ ಉಸಿರು ಬೇಕು."

"ಉಣ್ಣಿ, ಬರುತ್ತೆ," ಎಂದಳು ಮಿಲ್ಕಾ. "ಅಲ್ಲೀವರೆಗೂ ನಿಮ್ಮ ಬದಲು ನಾನು ಬೈತೀನಿ."

ಒಳಗೆ ನಗುವೋ ಕೆಮ್ಮೋ ತಿಳಿಯದ ಸದ್ದು. ಎವರ್‌ಲೀನ್ ಬಿಸಿ ಬಟ್ಟಲು ಹಿಡಿದು ಪರದೆಯೊಳಗೆ ಹೋದಳು.

"ನಾನು ನೋಡೋ ಹಾಗಿಲ್ಲ," ಎಂದ ಓದುಂಡೊ. "ಆದರೆ ನನಗೆ ಗೊತ್ತಾಗಬೇಕು. ಒಂದೊಂದು ಗುಟುಕು ನುಂಗಿದ ಮೇಲೂ ಬಟ್ಟಲಿಗೆ ಚಮಚ ಒಂದು ಸಲ ತಟ್ಟಿ. ಸುಳ್ಳು ತಟ್ಟಬೇಡಿ ಅತ್ತೆ."

"ಅಳಿಯನಿಗೆ ಎಷ್ಟು ಸೊಕ್ಕು ನೋಡೇ," ಎಂದಿತು ಒಳಗಿನ ದನಿ.

ಅವನು ಪರದೆಗೆ ಬೆನ್ನು ಹಾಕಿ ಸ್ಟೂಲಿನ ಮೇಲೆ ಕೂತ. ಇನ್ಹೇಲರಿನ ಸುಯ್‌ ಸದ್ದು ಬಂತು, ಆಮೇಲೆ ಕಾಯುವಿಕೆ. ಟಣ್. ನಾಲ್ಕಾರು ಉಸಿರು. ಟಣ್. ಕಾರ್ಡಿನ ಅಂಚಿನಲ್ಲಿ ಅವನು ಗೀಟು ಎಳೆಯುತ್ತ ಹೋದ. ನಾಲ್ಕನೆಯದರ ನಂತರ ತಡವಾಯಿತು. ಅವನು ಪೆನ್ನು ಎತ್ತಿಕೊಂಡೇ ಇದ್ದ. ಟಣ್. ಎಂಟು, ಒಂಬತ್ತು. ಹನ್ನೊಂದಕ್ಕೆ ನಿಂತಿತು. ಉಸಿರು ಜೋರಾಗಿ, ಮತ್ತೆ ನಿಧಾನವಾಯಿತು. ಅವನು ಹನ್ನೊಂದು ಎಂದು ಬರೆಯಲು ಹೊರಟಾಗ ಇನ್ನೊಂದು ಸದ್ದು ಬಂತು.

"ಎಂಬತ್ತೊಂಬತ್ತು," ಎಂದಳು ಮಿಲ್ಕಾ ಕ್ಲಿಪ್ ನೋಡಿ. "ಅದರ ಕೆಳಗೆ ಇಳೀಲಿಲ್ಲ."

ಆರು ವಾರದ ಮೇಲೆ, ಪೆರೆಸಳ ಮನೆಯ ಕೆಂಪು ಮಣ್ಣಿನ ಅಂಗಳಕ್ಕೆ ಓದುಂಡೊ ಅಕೆಲೊಳ ಜೊತೆ ಹೋದ. ಅಳಿಯನಿಗೆ ತಕ್ಕಂತೆ ಅಂಗಳದ ಮುಂಭಾಗದ ಮನೆಯಲ್ಲಿ ಮಾವನ ಜೊತೆ ಕೂತ. ಹಿಂದಿನ ವಾರ ಮಿಲ್ಕಾ ಅತ್ತೆಯನ್ನು ತೂಗಿದ್ದಳು, ಮೊದಲು ಕಣಕಾಲು ಒತ್ತಿ ನೋಡಿ: ಕುಳಿ ಬೀಳಲಿಲ್ಲ, ನಲವತ್ತೂ ಕಾಲು. ಬಿಎಂಐ ಹದಿನಾರು ಪಾಯಿಂಟ್ ಒಂದು. ಈಗಲೂ ಸೊರಗೇ. ನಡುವೆ ಒಂದು ನೆಗಡಿ ಬಂದಿತ್ತು. ಎದೆಗೆ ಇಳಿಯದೆ ಹೋಯಿತು. ಶ್ವಾಸಕೋಶ ಮೊದಲಿನಂತಾಗುವುದಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು.

ಮಾವ ದೋಣಿಯ ಇಂಜಿನ್ನಿನ ಬಗ್ಗೆ ಏನೋ ಹೇಳುತ್ತಿದ್ದರು. ಹೊರಗಿಂದ, ಹೊಗೆಯ ಗೂಡಿನಿಂದ ದೂರದ ಮಾವಿನ ಮರದ ಕಡೆಯಿಂದ, ಎವರ್‌ಲೀನಳಿಗೆ ಉಪ್ಪು ಹೆಚ್ಚಾಯಿತೆಂದು ಯಾರೋ ಬೈಯುವುದು ಕೇಳಿಸಿತು, ನಡುನಡುವೆ ನಿಂತು ನಿಂತು. ಆಮೇಲೆ ಬೈಗುಳ ನಿಂತಿತು. ಗಂಟೆ ಹತ್ತು, ಯಾವ ಮನೆಯಲ್ಲೂ ಯಾರೂ ಉಣ್ಣದ ಹೊತ್ತು.

ಟಣ್.

ಓದುಂಡೊ ಮಾವನ ಮಾತಿಗೆ ತಲೆಯಾಡಿಸುತ್ತ, ತೊಡೆಯ ಮೇಲೆ ಬೆರಳು ಮಡಿಸಿ ಎಣಿಸತೊಡಗಿದ.