ಆ ಓಣಿ ಬಿಟ್ಟು ಕಲ್ಯಾಣ

ಸುರಂಗದ ಮಾತು ಎತ್ತಿದರೆ ಸಾಕು, ಶಕುಂತಲಾಬಾಯಿಗೆ ಮೈಯೆಲ್ಲ ಉರಿಯುತ್ತಿತ್ತು. ಬಸವಕಲ್ಯಾಣದ ಹೆಣ್ಣುಮಕ್ಕಳ ಶಾಲೆಯಲ್ಲಿ ಇತಿಹಾಸ ಕಲಿಸುವ ಶಿಕ್ಷಕಿ ಆಕೆ, ಆ ಕಡೆಯ ಮಾತಿನಲ್ಲಿ ‘ಬಾಯಿ’. ರಜಾದಿನ ಬಿಸಿಲೇರುವ ಮೊದಲು ಹತ್ತಿಪ್ಪತ್ತು ಜನರನ್ನು ಕೋಟೆ ಬಾಗಿಲಿನಿಂದ ಹಳೇ ಓಣಿಗಳೊಳಗೆ ನಡೆಸಿ ಊರಿನ ಕಥೆ ಹೇಳುತ್ತಿದ್ದಳು. ಆಕೆಯದೊಂದು ಪದ್ಧತಿ ಇತ್ತು: ಜನರನ್ನು ನೆರಳಿಗೆ ನಿಲ್ಲಿಸಬೇಕು, ಮೊದಲು ಕಣ್ಣಿಗೆ ಕಾಣುವ ಕಲ್ಲು ತೋರಿಸಬೇಕು, ಆಮೇಲೆ ಊರವರು ಹೇಳುವ ಮಾತು ಹೇಳಬೇಕು. ಯಾವುದು ಕಂಡದ್ದು, ಯಾವುದು ಕೇಳಿದ್ದು ಅನ್ನೋದನ್ನ ಕಲಸುಮೇಲೋಗರ ಮಾಡಬಾರದು.

ಹುಮನಾಬಾದಿನ ಬೇಳೆ ವ್ಯಾಪಾರಿ ಚನ್ನಬಸಪ್ಪನಿಗೆ ಈ ನೆಟ್ಟಗಿನ ಕಥೆ ಸಪ್ಪೆ ಅನಿಸಿತು. ತನ್ನ ಸಂಘದ ಸದಸ್ಯರನ್ನು ಬಸ್ಸಿನಲ್ಲಿ ಕರೆತರುತ್ತೇನೆ, ಆದರೆ ಬೀದರಿನ ತನಕ ಹೋಗುವ ಸುರಂಗದ ಕಥೆ ಸೇರಿಸಿ ಅಂದ. ಎಲ್ಲ ಕೋಟೆಯವರೂ ಹೇಳುವಷ್ಟು ಸುರಂಗಗಳು ನಿಜವಾಗಿ ಇದ್ದಿದ್ದರೆ ಈ ಸೀಮೆ ಎಂದೋ ಕುಸಿದು ಹೋಗುತ್ತಿತ್ತು ಅಂತ ಬಾಯಿ ಮುಖಕ್ಕೆ ಹೊಡೆದಂಗೆ ಹೇಳಿದಳು. ಅವನು ಹಲ್ಲು ಕಿಸಿದು ಸುರಂಗ ಬಿಟ್ಟ. ಬಿಡದೇ ಇದ್ದದ್ದು ಇನ್ನೊಂದು ಮಾತು.

ಬಾಯಿಯ ದಾರಿಯಲ್ಲಿ ಎಲ್ಲಕ್ಕಿಂತ ಚಂದದ ಕಲ್ಲು ಇದ್ದದ್ದು ದ್ರೌಪತಿಯ ಮನೆ ಮುಂದೆ. ಕೂಲಿ ಮಾಡಿ ಬದುಕುವ, ಬುದ್ಧನ ದಾರಿ ಹಿಡಿದ ಕುಟುಂಬ ಅದು. ಅವರ ಅಜ್ಜ ಬಿದ್ದ ಗುಡಿಯ ಕಲ್ಲೊಂದನ್ನು ತಂದು ಬಾಗಿಲಿಗೆ ಮೆಟ್ಟಿಲು ಮಾಡಿದ್ದ. ಅದರ ಅಂಚಿಗೆ ಹಂಸಗಳ ಸಾಲು, ಒಂದರ ಕೊಕ್ಕೂ ಮುರಿದಿರಲಿಲ್ಲ.

"ಆ ಓಣಿ ಒಂದು ಬಿಡ್ರಿ ಬಾಯಾರ," ಅಂದ ಚನ್ನಬಸಪ್ಪ. "ದೊಡ್ಡ ಮನೆತನದ ಹೆಣ್ಮಕ್ಕಳು ಬರಾಕತ್ತಾರ."

ಬಾಯಿ ಕೆಂಡವಾದಳು. ಎಂಟು ನೂರು ವರ್ಷದ ಹಿಂದೆ ಶರಣರು ಜಾತಿಯನ್ನು ಮುರಿಯಲು ಹೊರಟ ಊರು ಇದು! ಇಲ್ಲಿಗೆ ಬಂದು, ಎಲ್ಲರೂ ಒಂದೇ ಅಂತ ಕೆರೆ ದಂಡೆಯ ಮೇಲೆ ಕಣ್ಣೀರು ಸುರಿಸಿ, ಒಂದು ಓಣಿಯನ್ನು ಬಳಸಿಕೊಂಡು ಹೋಗ್ತಾರಂತೆ. ಥೂ, ಇವರ ಭಕ್ತಿಗಿಷ್ಟು! ಜನರನ್ನ ಕರಕೊಂಡು ಬರ್ತೀನಿ ಅಂತ ದ್ರೌಪತಿಗೆ ಮಾತು ಕೊಟ್ಟೀನಿ, ಓಣಿ ಬಿಟ್ಟರೆ ನಾನೂ ಬರೋದಿಲ್ಲ, ನಿಮ್ಮ ಸುರಂಗದೊಳಗೆ ನೀವೇ ಹೋಗ್ರಿ ಅಂದಳು. ಬೇರೆ ಹೇಳುವವರು ಸಿಗದೆ ಅವನು ಒಪ್ಪಿದ.

ಬಸ್ಸು ಬಂತು. ಇಸ್ತ್ರಿ ಮುರಿಯದ ಧೋತರ, ಬೆನ್ನ ಮೇಲೆ ಜರಿ ಸೆರಗು. ಕೋಟೆಯಲ್ಲಿ ಅರ್ಧ ಮಂದಿ ಫಿರಂಗಿ ಹತ್ತಿ ಫೋಟೋ ತೆಗೆಸಿಕೊಂಡರು, ಉಳಿದರ್ಧ ಭಜಿ ಎಲ್ಲಿ ಸಿಗುತ್ತದೆ ಅಂತ ವಿಚಾರಿಸಿದರು. ಶರಣರ ಕಥೆಗೆ ಮಾತ್ರ ಎಲ್ಲರೂ ತಲೆದೂಗಿದರು. ತಲೆದೂಗಲು ಏನು ಖರ್ಚು? ಬಾಯಿ ಒಳಗೊಳಗೇ ನಗುತ್ತ ದ್ರೌಪತಿಯ ಓಣಿಗೆ ತಿರುಗಿದಳು. ಚನ್ನಬಸಪ್ಪ ಓಣಿಯ ಬಾಯಲ್ಲೇ ನಿಂತ. ಉಳಿದವರು ಒಬ್ಬರ ಮುಖ ಒಬ್ಬರು ನೋಡುತ್ತ ಬಂದರು.

ದ್ರೌಪತಿ ಅಂಗಳ ಸಾರಿಸಿದ್ದಳು. ಬಾಯಿ ಹಂಸಗಳನ್ನು ಒಂದೊಂದಾಗಿ ತೋರಿಸಿದಳು. ಸರಿಯಾಗಿ ಕಾಣಲಿ ಅಂತ ಒಬ್ಬೊಬ್ಬರನ್ನೇ ಮೆಟ್ಟಿಲ ಮೇಲೆ ಹತ್ತಿಸಿ ಬಗ್ಗಿಸಿದಳು. ಕೊನೆಗೆ ದನಿ ಏರಿಸಿ, ಕಲ್ಯಾಣ ಅಂದರೆ ಕೋಟೆಯಲ್ಲ, ಇಂಥ ಬಾಗಿಲು ಅಂದಳು. ಜನ ಚಪ್ಪಾಳೆ ತಟ್ಟಿದರು. ಬಾಯಿಗೆ ಹೆಮ್ಮೆಯಿಂದ ಎದೆ ತುಂಬಿ ಬಂತು.

ಆಗ ದ್ರೌಪತಿ ಒಳಗಿನಿಂದ ಬಂದಳು. ಬೆಳಗಿದ ತಾಮ್ರದ ಚೊಂಬಿನಿಂದ ಲೋಟಕ್ಕೆ ನೀರು ಬಗ್ಗಿಸಿ ಮೊದಲು ಬಾಯಿಗೇ ಚಾಚಿದಳು.

"ಬಿಸಿಲಾಗ ಬಂದೀರಿ. ತಗೋರಿ ಬಾಯಾರ."

ಗಂಟಲು ಒಣಗಿ ಕಟ್ಟಿಗೆಯಾಗಿತ್ತು. ತಗೋ ಅಂತ ಬಾಯಿ ತನಗೆ ತಾನೇ ಹೇಳಿಕೊಂಡಳು. ಕೈ ಏಳಲಿಲ್ಲ. ತವರುಮನೆ, ಅವ್ವ, ಅಡುಗೆಮನೆಯ ಮಡಿ, ಎಲ್ಲಾ ಕೂಡಿ ಆ ಕೈಯನ್ನು ಹಿಡಿದುಕೊಂಡಿದ್ದವು.

"ಈಗ ಚಾ ಕುಡದೀನವ್ವಾ," ಅಂತು ನಾಲಿಗೆ. "ಇನ್ನೊಮ್ಮಿ ಬರ್ತೀನಿ."

ಚಾ ಎಲ್ಲಿಯದು, ಮಣ್ಣಾಂಗಟ್ಟಿ! ಮುಂದೆ ನಿಂತವಳೇ ಬೇಡ ಅಂದ ಮೇಲೆ ಹಿಂದಿನವರು ಯಾಕೆ ಕುಡಿಯುತ್ತಾರೆ? ನಮಗೂ ಸಾಕ್ರಿ, ನಮಗೂ ಸಾಕ್ರಿ ಅಂತ ಎಲ್ಲರೂ ಕೈಮುಗಿದು ಅಂಗಳದಿಂದ ಓಣಿಗೆ ಇಳಿದರು. ಓಣಿಯ ಬಾಯಲ್ಲಿ ನಿಂತಿದ್ದ ಚನ್ನಬಸಪ್ಪನಿಗೆ ಎಲ್ಲ ಕಾಣುತ್ತಿತ್ತು. ಅವನು ಬಾಯಿಯನ್ನು ನೋಡಿ ತನ್ನವರನ್ನು ಕಂಡಂತೆ ನಕ್ಕ. ಬಾಯಿಗೆ ಅವನ ಸುರಂಗ ನಿಜವಾಗಿ ಇದ್ದಿದ್ದರೆ ಇಳಿದುಹೋಗಬಹುದಿತ್ತು ಅನಿಸಿತು.

ದ್ರೌಪತಿ ಲೋಟದ ನೀರನ್ನು ತಾನೇ ಗಟಗಟ ಕುಡಿದು, ಚೊಂಬು ಎತ್ತಿಕೊಂಡಳು.

"ನಿಮ್ಮ ಕಥಿ ಮುಗಿದಿದ್ದರ ಅತ್ತಾಗ ಸರೀರಿ ಬಾಯಾರ," ಅಂದಳು. "ಎಲ್ಲಾರೂ ಮ್ಯಾಲ ನಿಂತಿದ್ರಿ. ಮೆಟ್ಲಾ ತೊಳಿಬೇಕು."