ಕೂಡಲೇ ಮಗುವನ್ನು ಮಲಗಿಸಬಹುದು

ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನ ಎದುರಿಗಿದ್ದ ಯಾಕೂಬನ ಫ್ಯಾನ್ಸಿ ಅಂಗಡಿಯ ಗಾಜಿನ ಮೇಲೆ ಊರವರು ತಾವು ಮಾರುವ ಸಾಮಾನುಗಳ ಚೀಟಿ ಅಂಟಿಸುತ್ತಿದ್ದರು. ಟೇಪ್ ರೆಕಾರ್ಡರು, ಹೊಲಿಗೆ ಮೆಷಿನು, ಗಲ್ಫಿನ ಕಂಬಳಿ. ಹೆಚ್ಚಿನ ಚೀಟಿಗಳು ‘ಒಳ್ಳೆ ಕಂಡಿಶನ್, ವಿಚಾರಿಸಿ’ ಎಂಬಲ್ಲಿಗೆ ಮುಗಿಯುತ್ತಿದ್ದವು. ಕಾಂತಿ ಟೀಚರ ಚೀಟಿ ಮಾತ್ರ ಮೊಳದುದ್ದ ಇತ್ತು. ಶಾಲೆಯಲ್ಲಿ ಮಕ್ಕಳ ಕಾಗುಣಿತ ತಿದ್ದಿ ತಿದ್ದಿ ಅವಳಿಗೆ ಏನನ್ನೂ ಅರ್ಧಕ್ಕೆ ಬಿಡಲಾಗದ ಚಾಳಿ ಅಂಟಿತ್ತು.

‘ಮಕ್ಕಳ ಮರದ ಮಂಚ, ಬಹರೈನಿನದ್ದು. ಹುಟ್ಟಿದ ಮಗುವಿನಿಂದ ಹಿಡಿದು, ಮಗು ಕಂಬಿ ಹತ್ತಲು ಕಲಿಯುವವರೆಗೆ, ಹೆಚ್ಚೆಂದರೆ ಎರಡು ವರ್ಷದ ತನಕ. ಕಂಬಿಗಳ ನಡುವೆ ಮೂರು ಬೆರಳಿಗಿಂತ ಹೆಚ್ಚು ಜಾಗ ಇಲ್ಲ, ತಲೆ ಸಿಕ್ಕುವುದಿಲ್ಲ. ಇಳಿಸುವ ಬದಿಯ ಎಡ ಕೊಂಡಿ ಸಡಿಲವಿತ್ತು, ಹೊಸ ಸ್ಕ್ರೂ ಹಾಕಿಸಿದೆ. ಆದರೂ ದಿನಾ ಅಲುಗಿಸಿ ನೋಡಿ. ಸೋಪು, ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿದೆ. ಮಗು ಕಂಬಿ ಚೀಪಿದರೂ ಹೆದರಬೇಕಾಗಿಲ್ಲ. ಕೂಡಲೇ ಮಲಗಿಸಬಹುದು.’

“ಟೀಚರೇ, ಇದು ಮಂಚವೋ ಪಾಠವೋ?” ಎಂದು ಯಾಕೂಬ ನಕ್ಕಿದ್ದ. ನಕ್ಕರೂ ಚೀಟಿಯ ನಾಲ್ಕು ಮೂಲೆಗೂ ಗೋಂದು ಹಚ್ಚಿ ನೇರವಾಗಿಯೇ ಅಂಟಿಸಿದ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಬಂದರೆ ಮಂಚ ಹೋಗಿತ್ತು. ಪುಂಜಾಲಕಟ್ಟೆಯ ಹುಕ್ರಪ್ಪ ಬೆಳಿಗ್ಗೆಯೇ ಬಂದು, ಬಸ್ಸಿನ ಟಾಪಿಗೆ ಹೇರಿಸಿ ಕೊಂಡುಹೋದನಂತೆ. ಅತ್ತೆ ರಾಜೀವಿ ಜಗಲಿಯಲ್ಲಿ ಎಲೆಯಡಿಕೆ ಮೆಲ್ಲುತ್ತ ಗೆದ್ದವರ ಹಾಗೆ ಕುಳಿತಿದ್ದರು.

“ನೀನು ಸೋಪು ಹಾಕಿ ತೊಳೆದದ್ದು ಸಾಕಾಗ್ತದಾ? ಸಂದಿಯಲ್ಲಿ ಒಂದು ತಿಗಣೆ ಉಳಿದರೆ ನಾಳೆ ಊರೆಲ್ಲ ನಮ್ಮ ಮನೆಯ ಸುದ್ದಿ. ನಿನ್ನೆ ನೀನು ಶಾಲೆಗೆ ಹೋದ ಮೇಲೆ ನಾನೇ ಪುಡಿ ಹಾಕಿದೆ. ಸಂದಿ ಸಂದಿಗೂ ತುಂಬಿಸಿ, ಕಂಬಿಗೂ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ ಇಟ್ಟೆ. ಹಾಸಿಗೆಯ ಅಡಿಗೂ ಸ್ವಲ್ಪ ಉಂಟು.”

“ಯಾವ ಪುಡಿ, ಅತ್ತೆ?”

“ಗದ್ದೆಯ ಹುಳಕ್ಕೆ ತಂದದ್ದು ಮಾರಾಯ್ತಿ. ಗಮಾಕ್ಸಿನ್.”

ಕಾಂತಿ ಕೊಟ್ಟಿಗೆಗೆ ಓಡಿದಳು. ಪೊಟ್ಟಣ ಅಲ್ಲಿಯೇ ಇತ್ತು, ಬಾಯಿ ಬಿಚ್ಚಿ, ಬೂಸಲು ಹಿಡಿದಂಥ ಆ ಗಾಟು ವಾಸನೆ ಬೀರುತ್ತ. ಅದನ್ನು ಎರಡು ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, ಉಟ್ಟ ಸೀರೆಯಲ್ಲೇ ರಸ್ತೆಗೆ ಬಂದಳು. “ಊಟ?” ಎಂದು ಅತ್ತೆ ಹಿಂದಿನಿಂದ ಕೂಗಿದರು. ತೊಳೆದದ್ದು ತಾನು, ಬರೆದದ್ದೂ ತಾನು. ಮಾರುವ ಮುಂಚೆ ಇನ್ನೊಮ್ಮೆ ಮೂಸಿ ನೋಡಬಾರದಿತ್ತೇ?

ಬೆಳ್ತಂಗಡಿ ಬಸ್ಸು ಅಂದು ಪ್ರತಿ ಮರದ ಬುಡದಲ್ಲೂ ನಿಂತಿತು. ಹಲ್ಲು ಬರುವ ಮಗು, ಎಂಟು ತಿಂಗಳದ್ದು ಎಂದು ಹುಕ್ರಪ್ಪ ಅತ್ತೆಗೆ ಹೇಳಿದ್ದನಂತೆ. ಆ ಪ್ರಾಯದಲ್ಲಿ ಅವಳ ಮಗಳೂ ಅದೇ ಕಂಬಿಯನ್ನು ಕಚ್ಚಿ ಕಚ್ಚಿ ಹಲ್ಲಿನ ಗುರುತು ಮಾಡಿದ್ದಳು. ಒಂದು ಗಳಿಗೆ ಅವಳ ಮನಸ್ಸು ಕೆಟ್ಟ ದಾರಿಯನ್ನೂ ಹಿಡಿಯಿತು. ಇಳಿದು ವಾಪಸು ಹೋದರೆ ಯಾರಿಗೆ ಗೊತ್ತಾಗುತ್ತದೆ? ಮಗುವಿಗೆ ಏನಾದರೂ ಆದರೆ ದೃಷ್ಟಿ ಎಂದಾರು, ಜ್ವರ ಎಂದಾರು. ತನ್ನ ಮೇಲೆಯೇ ಹೇಸಿಗೆ ಹುಟ್ಟಿ ಅವಳು ಎದುರಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

ಪುಂಜಾಲಕಟ್ಟೆಯಲ್ಲಿ ಇಳಿದು ವಿಚಾರಿಸಿದಳು. ಹುಕ್ರಪ್ಪನ ಮನೆ ಪೇಟೆಯಿಂದ ಸ್ವಲ್ಪ ಒಳಗೆ. ಅವನು ಕೆಲಸಕ್ಕೆ ಹೋಗಿದ್ದ. ಹೆಂಡತಿ ಪದ್ಮಾಕ್ಷಿ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಳು. ಬಾಗಿಲ ಸಂದಿಯಿಂದ ಮಂಚ ಕಾಣಿಸುತ್ತಿತ್ತು. ಅದರೊಳಗೆ ಮಗು ಕಂಬಿ ಹಿಡಿದು ಕುಳಿತು, ಬಾಯಿ ತುಂಬ ಜೊಲ್ಲು ಸುರಿಸುತ್ತ, ಮರವನ್ನು ಕಬ್ಬಿನಂತೆ ಚೀಪುತ್ತಿತ್ತು. ಕಾಂತಿ ಹೇಳದೆ ಕೇಳದೆ ಒಳನುಗ್ಗಿ ಮಗುವನ್ನು ಎತ್ತಿಕೊಂಡಳು.

“ಅಯ್ಯೋ! ಯಾರು ನೀವು? ಮಗುವನ್ನು ಬಿಡಿ!”

“ನಾನು ಮಂಚ ಕೊಟ್ಟವಳು. ಇದರಲ್ಲಿ ವಿಷ ಉಂಟು ತಂಗಿ. ತಿಗಣೆಗೆ ಪುಡಿ ಹಾಕಿದ್ದಾರೆ, ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆಯಿಂದ ಇದರಲ್ಲೇ ಇತ್ತಾ?”

ಪದ್ಮಾಕ್ಷಿಯ ಕೈಯ ಬಟ್ಟೆ ನೆಲಕ್ಕೆ ಬಿತ್ತು. “ಆಗಲೇ ಒಂದು ಸಲ ವಾಂತಿ ಮಾಡಿದ. ಹಲ್ಲು ಬರುವಾಗ ಹಾಗೆಯೇ ಅಂತ ನಾನು...” ಎಂದವಳು ಮಗುವನ್ನು ಕಸಿದುಕೊಂಡಳು. ಪಕ್ಕದ ಮನೆಯ ಅಜ್ಜಿ ಗಲಾಟೆ ಕೇಳಿ ಬಂದವರು ತೆಂಗಿನೆಣ್ಣೆಯ ಬಾಟಲಿ ಹಿಡಿದೇ ಬಂದಿದ್ದರು. ವಿಷ ಹೊಟ್ಟೆಗೆ ಹೋದರೆ ಎಣ್ಣೆ ಕುಡಿಸುವುದು ಅಲ್ಲಿಯ ವಾಡಿಕೆ. ಕಾಂತಿಗೂ ಬೇರೆ ಏನೂ ತಿಳಿದಿರಲಿಲ್ಲ. ಆದರೆ ಇನ್ನೊಂದು ತಪ್ಪಿಗೆ ಅವಳಿಗೆ ಧೈರ್ಯವಿರಲಿಲ್ಲ. “ಡಾಕ್ಟರು ಹೇಳಲಿ, ಅಜ್ಜಿ. ಅದಕ್ಕೆ ಮುಂಚೆ ಏನೂ ಬೇಡ” ಎಂದು ಅಡ್ಡ ನಿಂತಳು. ಇಬ್ಬರೂ ಸಿಕ್ಕಿದ ಬಾಡಿಗೆ ಕಾರು ಹತ್ತಿದರು.

ಬೆಳ್ತಂಗಡಿಯ ಡಾಕ್ಟರು ಪೊಟ್ಟಣದ ಮೇಲಿನ ಅಕ್ಷರಗಳನ್ನು ಓದಿ ಮುಖ ಗಂಟಿಕ್ಕಿದರು.

“ಇದನ್ನು ತಂದದ್ದು ಒಳ್ಳೆಯದಾಯ್ತು. ಎಣ್ಣೆ, ತುಪ್ಪ ಏನಾದರೂ ಕೊಟ್ಟಿದ್ದೀರಾ?”

“ಇಲ್ಲ.”

“ಕೊಡಬಾರದು. ಜಿಡ್ಡು ಸೇರಿದರೆ ಈ ವಿಷ ಮೈಗೆ ಬೇಗ ಹಿಡೀತದೆ. ಹಾಲೂ ಬೇಡ, ಮೊಲೆಹಾಲು ಸಹ. ನಾನು ಹೇಳುವವರೆಗೆ.”

ಮಗುವಿನ ಅಂಗಿ ಕಳಚಿಸಿ, ಸೋಪು ಹಾಕಿ ಮೈ, ಕೈಬೆರಳಿನ ಸಂದಿ ಎಲ್ಲ ತೊಳೆಸಿದರು. ಬಾಯಿ ಒರೆಸಿದರು. ಸೂಜಿ ಮದ್ದು ಸಿದ್ಧವಾಗಿಟ್ಟುಕೊಂಡರು. ಇನ್ನು ನೋಡಬೇಕಾದದ್ದು ಒಂದೇ, ನಡುಕ ಬರುತ್ತದೋ ಇಲ್ಲವೋ. ನಡುಕ ಬಂದರೆ ಹಿಂದೆಯೇ ಫಿಟ್ಸ್ ಬರಬಹುದು, ಕೂಡಲೇ ಕರೆಯಿರಿ ಎಂದು ಹೇಳಿ ಅವರು ಬೇರೆ ರೋಗಿಗಳ ಕಡೆ ಹೋದರು.

ಬೆಂಚಿನ ಈ ತುದಿಯಲ್ಲಿ ಪದ್ಮಾಕ್ಷಿ, ಆ ತುದಿಯಲ್ಲಿ ಕಾಂತಿ. ಮಗು ಹಸಿದು ತಾಯಿಯ ಎದೆಗೆ ಮುಖ ಉಜ್ಜಿ ಅತ್ತಿತು, ಅತ್ತು ಸುಸ್ತಾಗಿ ಸುಮ್ಮನಾಯಿತು. ಸುಮ್ಮನಾದದ್ದಕ್ಕೇ ಹೆಚ್ಚು ಭಯವಾಯಿತು. ಬಯ್ದರೆ ಕಾಂತಿಗೆ ಸಮಾಧಾನವಾದರೂ ಆಗುತ್ತಿತ್ತು, ಆದರೆ ಪದ್ಮಾಕ್ಷಿ ಬಯ್ಯಲಿಲ್ಲ.

“ಅಷ್ಟೆಲ್ಲ ಬರೆದಿದ್ದೀರಿ ಅಂತ ಇವರು ಓದಿ ಹೇಳಿದ್ರು ಅಕ್ಕ. ಅಷ್ಟು ಬರೆದವರು ಮೋಸ ಮಾಡುವುದಿಲ್ಲ ಅಂತ ನಾನು ಮಂಚಕ್ಕೆ ಒಂದು ತಂಬಿಗೆ ನೀರು ಸಹ ಹಾಕಲಿಲ್ಲ.”



ಸ್ವಲ್ಪ ಹೊತ್ತಿನ ಮೇಲೆ ಪದ್ಮಾಕ್ಷಿ ಒಮ್ಮೆಲೇ ಕಿರುಚಿದಳು. “ಅಕ್ಕ, ನಡುಗ್ತಾ ಉಂಟು! ನೋಡಿ!” ಕಾಂತಿ ಹಾರಿ ಹೋಗಿ ಮಗುವನ್ನು ತೆಗೆದುಕೊಂಡಳು. ಹೌದು, ಆ ಎಳೆಯ ಕಾಲು, ಆ ಪುಟ್ಟ ಬೆನ್ನು ಎಲ್ಲ ಸಣ್ಣಗೆ ಅದುರುತ್ತಿದ್ದವು. “ಡಾಕ್ಟ್ರೇ!” ಎಂದು ಅವಳು ಕೂಗಿದ ರಭಸಕ್ಕೆ ಹೊರಗಿನ ಜನವೆಲ್ಲ ಬಾಗಿಲಿಗೆ ಬಂದರು.

ಡಾಕ್ಟರು ಓಡಿ ಬಂದು ಇಬ್ಬರು ಹೆಂಗಸರ ಕೈಗಳನ್ನೂ ನೋಡಿದರು. “ನೀವಿಬ್ಬರೂ ಬಿಡಿ. ಮಗುವನ್ನು ಆ ಮೇಜಿನ ಮೇಲೆ ಮಲಗಿಸಿ.”

ಕಾಂತಿ ಮಗುವನ್ನು ಮೇಜಿನ ಕಡೆ ಒಯ್ದಳು. ಪದ್ಮಾಕ್ಷಿ ಅಡ್ಡ ಬಂದಳು. ಬಗ್ಗಿ ಮೇಜಿನ ರೆಕ್ಸಿನನ್ನು ಮೂಸಿದಳು. ಆಮೇಲೆ ಆ ದೊಡ್ಡ ಡಾಕ್ಟರ ಮುಖವನ್ನೇ ನೋಡಿ, “ಇದನ್ನು ಯಾವುದರಲ್ಲಿ ಒರೆಸಿದ್ದೀರಿ?” ಎಂದು ಕೇಳಿದಳು.

ಯಾರೂ ನಗಲಿಲ್ಲ. “ಸೋಪಿನ ನೀರಿನಲ್ಲಿ, ಅಮ್ಮ” ಎಂದರು ಡಾಕ್ಟರು. ಅದನ್ನೂ ಅವಳು ನಂಬಲಿಲ್ಲ. ತನ್ನ ಸೆರಗು ಬಿಚ್ಚಿ ಮೇಜಿನ ಮೇಲೆ ಹಾಸಿದಳು, ಕಾಂತಿಯ ಕೈಯಿಂದ ಮಗುವನ್ನು ತೆಗೆದು ಅದರ ಮೇಲಿಟ್ಟಳು.

ಯಾರ ಕೈಯೂ ತಾಗದೆ ಮಲಗಿದ ಮಗುವಿನ ಮೈಯಲ್ಲಿ ನಡುಕವೇ ಇರಲಿಲ್ಲ. ಅದು ತಲೆಯ ಮೇಲಿನ ಮಾಡನ್ನು ನೋಡಿತು, ಕಾಲು ಜಾಡಿಸಿತು, ಹಸಿವಿಗೆ ಬಾಯಿ ಬಿಟ್ಟು ಗಟ್ಟಿಯಾಗಿ ಅತ್ತಿತು. ಡಾಕ್ಟರು ಅದರ ಕಣ್ಣು, ಎದೆ ಪರೀಕ್ಷಿಸಿ, “ಇವತ್ತು ರಾತ್ರಿ ಇಲ್ಲೇ ಇರಿ, ನಾನು ನೋಡ್ತೇನೆ. ಈಗ ಸ್ವಲ್ಪ ಸಕ್ಕರೆ ನೀರು ಕೊಡುವ” ಎಂದರು.

ಕಾಂತಿ ಲೋಟ ತರಲು ಕೈ ಚಾಚಿದಳು. “ಬೇಡ ಅಕ್ಕ, ನೀವು ಕೂತುಕೊಳ್ಳಿ,” ಎಂದಳು ಪದ್ಮಾಕ್ಷಿ, ಮೆತ್ತಗೆ. “ಲೋಟ ನಾನೇ ತೊಳೀತೇನೆ.”